ರೀಸೆಟ್ ಆಗುವ ಪ್ರಾಜೆಕ್ಟ್ ಹಿಡಿದು ವೈವಾಕ್ಕೆ ಹೋಗುವುದು ಹೇಗೆ?

ಪ್ರಶ್ನೆ: ಸರ್, ನಾನು ಇ ಅಂಡ್ ಸಿ ಕೊನೇ ವರ್ಷ. ನಾಲ್ಕು ಜನರ ತಂಡ. ಮಣ್ಣಿನ ತೇವ ನೋಡಿ ರೈತರಿಗೆ ಎಸ್‌ಎಂಎಸ್ ಕಳಿಸೋದು, ಅವರು ತಿರುಗಿ ಎಸ್‌ಎಂಎಸ್ ಮಾಡಿದರೆ ಪಂಪ್ ಆನ್-ಆಫ್ ಮಾಡೋದು ನಮ್ಮ ಪ್ರಾಜೆಕ್ಟ್. ಆರ್ಡುಯಿನೊ ಉನೊ, ಸಿಮ್800ಎಲ್, ರಿಲೇ ಮಾಡ್ಯೂಲ್, ಕೆಪ್ಯಾಸಿಟಿವ್ ಸಾಯಿಲ್ ಸೆನ್ಸರ್ ಹಾಕಿದ್ದೇವೆ. ಕೆಲಸ ಮಾಡುತ್ತೆ, ಆದರೆ ಆಗಾಗ ರೀಸೆಟ್ ಆಗುತ್ತೆ. ಮುಂದಿನ ತಿಂಗಳು ವೈವಾ. "ಇದನ್ನೇ ಯಾಕೆ ಹಾಕಿದ್ರಿ" ಅಂತ ಎಕ್ಸ್‌ಟರ್ನಲ್ ಕೇಳಿದರೆ ಏನು ಹೇಳೋದು? ರೀಸೆಟ್ ವಿಷಯ ನಾವೇ ಹೇಳಬೇಕಾ, ಮುಚ್ಚಿಡಬೇಕಾ?

ಉತ್ತರ: ನೀವೇ ಹೇಳಿ. ಅದೂ ಅವರು ಕೇಳುವ ಮೊದಲೇ. ಹಾಗೆಂದು "ಸರ್, ಕೆಲವೊಮ್ಮೆ ರೀಸೆಟ್ ಆಗುತ್ತೆ, ಲೂಸ್ ಕಾಂಟ್ಯಾಕ್ಟ್ ಇರಬಹುದು" ಎಂದು ಹೇಳಿದರೆ ಮುಚ್ಚಿಟ್ಟಿದ್ದಕ್ಕಿಂತ ಕಡೆ. ಏನಾಯಿತು, ಯಾವುದರ ಮೇಲೆ ಅನುಮಾನ ಬಂತು, ಏನನ್ನು ಅಳೆದಿರಿ, ಏನು ಬದಲಾಯಿಸಿದಿರಿ, ಇನ್ನೂ ಏನು ಉಳಿದಿದೆ ಎಂಬ ಕ್ರಮದಲ್ಲಿ ಹೇಳಬೇಕು. ನಿಮಗೆ ಇನ್ನೂ ಒಂದು ತಿಂಗಳಿದೆ. ಈ ರೀಸೆಟ್‌ನ ಬೆನ್ನು ಹತ್ತಿದರೆ "ಯಾಕೆ ಹಾಕಿದ್ರಿ" ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರ ಅದರಲ್ಲೇ ಸಿಗುತ್ತದೆ. ಆದ್ದರಿಂದ ಅದೊಂದನ್ನೇ ಹಿಡಿದು ಬರೆಯುತ್ತೇನೆ.

ಮೊದಲು ಪರೀಕ್ಷಕರು ಕೇಳುವ ರೀತಿ ತಿಳಿದಿರಲಿ. ನಾನು ಎಕ್ಸ್‌ಟರ್ನಲ್ ಆಗಿ ಕೂತಾಗ ನೂರು ವಿಷಯದ ನೂರು ಪ್ರಶ್ನೆ ಕೇಳುವುದಿಲ್ಲ. ಒಂದೇ ಕಡೆ ಅಗೆಯುತ್ತಾ ಹೋಗುತ್ತೇನೆ. "ಇಲ್ಲಿ ಬಕ್ ಕನ್ವರ್ಟರ್ ಯಾಕೆ?" ಎಂದು ಶುರು ಮಾಡುತ್ತೇನೆ. "ಜಿಎಸ್‌ಎಂ ಮಾಡ್ಯೂಲ್‌ಗೆ ಜಾಸ್ತಿ ಕರೆಂಟ್ ಬೇಕು ಸರ್" ಎಂಬ ಉತ್ತರ ಬರುತ್ತದೆ. ಎಷ್ಟು ಜಾಸ್ತಿ? ಎಷ್ಟು ಹೊತ್ತು? ನೀವು ಅಳೆದಿರಾ, ಡೇಟಾಶೀಟ್‌ನಲ್ಲಿ ಓದಿದ್ದಾ? ಅಷ್ಟು ಸಿಗದಿದ್ದರೆ ಏನಾಗುತ್ತದೆ? ಹೆಚ್ಚಿನ ತಂಡಗಳು ಎರಡನೇ ಪ್ರಶ್ನೆಗೆ ನಿಲ್ಲುತ್ತವೆ. ನಾಲ್ಕನೆಯದರವರೆಗೆ ಬಂದವರಿಗೆ ಬೋರ್ಡ್ ಆ ದಿನ ಆನ್ ಆಗದಿದ್ದರೂ ಒಳ್ಳೆಯ ಅಂಕವೇ ಬಿದ್ದಿದೆ.

ರೀಸೆಟ್ ಆಗುತ್ತಿರುವುದು ಯಾರು?

ನಿಮ್ಮ ಪತ್ರದಲ್ಲಿ "ರೀಸೆಟ್ ಆಗುತ್ತೆ" ಎಂದಿದೆ, ಯಾವುದು ಎಂದಿಲ್ಲ. ನಾನು ಕೇಳುವ ಮೊದಲ ಪ್ರಶ್ನೆಯೇ ಅದು. ಉನೊ ರೀಸೆಟ್ ಆಗುವುದು ಬೇರೆ, ಸಿಮ್800ಎಲ್ ಆಫ್ ಆಗಿ ಮತ್ತೆ ಏಳುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ "ಕೆಲಸ ನಿಂತುಹೋಯಿತು" ಎಂದೇ ಕಾಣುತ್ತದೆ.

ಮಾಡ್ಯೂಲ್‌ನ ವಿಷಯ ಅದರ ಪುಟ್ಟ ಎಲ್‌ಇಡಿಯೇ ಹೇಳುತ್ತದೆ. ನೆಟ್‌ವರ್ಕ್ ಸಿಕ್ಕಿದ್ದರೆ ಸುಮಾರು ಮೂರು ಸೆಕೆಂಡಿಗೊಮ್ಮೆ ಮಿನುಗುತ್ತದೆ, ಸಿಗದಿದ್ದರೆ ಸೆಕೆಂಡಿಗೊಮ್ಮೆಯಂತೆ ಬೇಗ ಬೇಗ ಮಿನುಗುತ್ತದೆ. ಮೆಸೇಜ್ ಕಳಿಸಲು ಹೊರಟ ಕೂಡಲೇ ನಿಧಾನದ ಮಿನುಗು ಹೋಗಿ ಬೇಗದ ಮಿನುಗು ಶುರುವಾಯಿತೆಂದರೆ ಮಾಡ್ಯೂಲ್ ಆಫ್ ಆಗಿ ಮತ್ತೆ ಎದ್ದು ಟವರ್ ಹುಡುಕುತ್ತಿದೆ ಎಂದರ್ಥ. ಉನೊದ ಲೆಕ್ಕ ಇಡಲು ಅದರ ಈಈಪ್ರಾಮ್‌ನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳಿ. ಪ್ರತಿ ಸಲ ಬೂಟ್ ಆದಾಗ ಅದು ಒಂದು ಹೆಚ್ಚುತ್ತದೆ:

```
#include <EEPROM.h>
void setup() {
  byte n = EEPROM.read(0) + 1;
  EEPROM.write(0, n);
  Serial.begin(9600);
  Serial.println(n);
}
```

ಇಲ್ಲಿ ಒಂದು ಎಚ್ಚರಿಕೆ. ಸೀರಿಯಲ್ ಮಾನಿಟರ್ ತೆರೆದರೆ ಸಾಕು, ಉನೊ ರೀಸೆಟ್ ಆಗುತ್ತದೆ, ಆ ಒಂದನ್ನು ಕಳೆದು ಲೆಕ್ಕ ಹಾಕಿ. ಎರಡು ದಿನ ಬೋರ್ಡ್ ಓಡಿಸಿ, ಯಾವ ಹೊತ್ತಿಗೆ ಯಾವುದು ರೀಸೆಟ್ ಆಯಿತು, ಆಗ ಮೆಸೇಜ್ ಹೋಗುತ್ತಿತ್ತೋ ರಿಲೇ ಬೀಳುತ್ತಿತ್ತೋ ಎಂದು ಪುಸ್ತಕದಲ್ಲಿ ಬರೆದಿಡಿ. ಆ ಪುಟವನ್ನು ವೈವಾಕ್ಕೆ ತನ್ನಿ. ಚೆಂದದ ಪಿಪಿಟಿಗಿಂತ ಕಲೆ ಬಿದ್ದ ಆ ಪುಟ ನೋಡಲು ನನಗೆ ಖುಷಿ.

ಮೆಸೇಜ್ ಹೋಗುವಾಗ ಮಾಡ್ಯೂಲ್ ಬಿದ್ದರೆ

ನೀವು ಹಾಕಿದ ಭಾಗಗಳನ್ನು ನೋಡಿದರೆ ಮೊದಲ ಅನುಮಾನ ಇದರ ಮೇಲೆಯೇ. ಸಿಮ್800ಎಲ್‌ಗೆ 3.4ರಿಂದ 4.4 ವೋಲ್ಟ್ ಒಳಗೆ ಸಪ್ಲೈ ಬೇಕು. ಅದು ಒಂದೇ ಸಮನೆ ಕರೆಂಟ್ ಎಳೆಯುವುದಿಲ್ಲ. 2ಜಿಯಲ್ಲಿ ಪ್ರತಿ 4.6 ಮಿಲಿಸೆಕೆಂಡಿನ ಫ್ರೇಮ್ ಎಂಟು ತುಂಡಾಗಿರುತ್ತದೆ, ನಿಮ್ಮ ಮಾಡ್ಯೂಲ್ ತನ್ನ ಪಾಲಿನ ಒಂದು ತುಂಡಿನಲ್ಲಿ, ಅಂದರೆ 577 ಮೈಕ್ರೊಸೆಕೆಂಡ್ ಮಾತ್ರ, ರೇಡಿಯೊ ಕಳಿಸುತ್ತದೆ. ಆ ಹೊತ್ತಿನಲ್ಲಿ 2 ಆಂಪ್‌ವರೆಗೆ ಎಳೆಯಬಹುದು. ಉಳಿದ ಹೊತ್ತು ಬಹಳ ಕಡಿಮೆ.

ಈಗ ನಿಮ್ಮ ಬ್ರೆಡ್‌ಬೋರ್ಡ್ ನೋಡೋಣ. ಬಕ್ ಕನ್ವರ್ಟರನ್ನು ಸರಿಯಾಗಿ 4.0 ವೋಲ್ಟ್‌ಗೆ ಇಟ್ಟಿದ್ದೀರಿ ಎನ್ನೋಣ. ಅಲ್ಲಿಂದ ಮಾಡ್ಯೂಲ್‌ಗೆ ಪ್ಲಸ್ ಒಂದು, ಗ್ರೌಂಡ್ ಒಂದು ಜಂಪರ್ ವೈರ್. ಎರಡು ವೈರ್, ನಾಲ್ಕು ತುದಿಯ ಕಾಂಟ್ಯಾಕ್ಟ್ ಎಲ್ಲ ಸೇರಿ 0.3 ಓಮ್ ಎಂದಿಟ್ಟುಕೊಳ್ಳಿ, ಬ್ರೆಡ್‌ಬೋರ್ಡ್‌ನಲ್ಲಿ ಇದೇನೂ ಹೆಚ್ಚಲ್ಲ. ಆ ತುಂಡಿನಲ್ಲಿ 2 ಆಂಪ್ ಹರಿದರೆ ವೈರಿನಲ್ಲೇ 0.6 ವೋಲ್ಟ್ ಕಳೆದುಹೋಗುತ್ತದೆ. ಮಾಡ್ಯೂಲ್‌ಗೆ ತಲುಪುವುದು 3.4, ಅಂದರೆ ಸರಿಯಾಗಿ ಗಡಿಯ ಮೇಲೆ. ಕಾಂಟ್ಯಾಕ್ಟ್ ಒಂದಿಷ್ಟು ಸಡಿಲವಾದರೂ ಅದು ಆಫ್.

ನೀವು ಮಲ್ಟಿಮೀಟರ್ ಹಿಡಿದು ನೋಡಿದ್ದರೆ 3.9 ತೋರಿಸಿರುತ್ತದೆ. ಮೀಟರ್ ಸರಾಸರಿ ತೋರಿಸುತ್ತದೆ, ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ 2 ಆಂಪ್ ಇರುವುದರಿಂದ ಸರಾಸರಿ ಕಾಲು ಆಂಪ್, ವೈರಿನಲ್ಲಿ ಸರಾಸರಿ ನಷ್ಟ 0.08 ವೋಲ್ಟ್ ಕೂಡ ಇಲ್ಲ. "ವೋಲ್ಟೇಜ್ ಚೆಕ್ ಮಾಡಿದ್ವಿ ಸರ್, ಸರಿ ಇತ್ತು" ಎಂದು ಎಷ್ಟೋ ತಂಡಗಳು ಪ್ರಾಮಾಣಿಕವಾಗಿಯೇ ಹೇಳುವುದು ಇದರಿಂದ. ಪರೀಕ್ಷಕರು "ಯಾವುದರಿಂದ ಚೆಕ್ ಮಾಡಿದಿರಿ?" ಎಂದು ಕೇಳುವುದು ಕೂಡ ಇದಕ್ಕೇ.

ಲ್ಯಾಬಿನ ಆಸಿಲೋಸ್ಕೋಪ್ ತೆಗೆದುಕೊಳ್ಳಿ. ಪ್ರೋಬ್ ತುದಿ ಮಾಡ್ಯೂಲ್‌ನ ವಿಸಿಸಿ ಪಿನ್ನಿನ ಮೇಲೆ, ಗ್ರೌಂಡ್ ಕ್ಲಿಪ್ ಮಾಡ್ಯೂಲ್‌ನದೇ ಗ್ರೌಂಡ್ ಪಿನ್ನಿಗೆ. ಬಕ್ ಕನ್ವರ್ಟರ್ ಕಡೆ ಹಿಡಿದರೆ ಈ ಕುಸಿತ ಕಾಣುವುದೇ ಇಲ್ಲ, ಯಾಕೆಂದರೆ ನಷ್ಟ ಆಗುತ್ತಿರುವುದು ನಡುವಿನ ವೈರಿನಲ್ಲಿ. ಟ್ರಿಗರನ್ನು 3.7 ವೋಲ್ಟ್‌ಗೆ, ಕೆಳಗಿಳಿಯುವ ಅಂಚಿಗೆ, ಸಿಂಗಲ್ ಮೋಡ್‌ನಲ್ಲಿಡಿ. ಮಾಡ್ಯೂಲ್‌ನಿಂದ ಒಂದು ಕಾಲ್ ಮಾಡಿಸಿ. 4.6 ಮಿಲಿಸೆಕೆಂಡಿಗೊಂದರಂತೆ ಗುಂಡಿ ಬಿದ್ದ ಹಾಗೆ ಕಂಡರೆ ಕಳ್ಳ ಸಿಕ್ಕ. ಆ ಪರದೆಯ ಫೋಟೊ ನಿಮ್ಮ ರಿಪೋರ್ಟ್‌ನಲ್ಲಿರಬೇಕು.

ಇನ್ನೊಂದು ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ: "ಕಾಲೇಜಲ್ಲಿ ಸರಿ ಇದ್ದದ್ದು ಹೊಲದಲ್ಲಿ ಯಾಕೆ ಕೈಕೊಟ್ಟಿತು?" ಟವರ್ ಹತ್ತಿರವಿದ್ದರೆ ಮಾಡ್ಯೂಲ್‌ಗೆ ಕಡಿಮೆ ಶಕ್ತಿಯಲ್ಲಿ ಕಳಿಸು ಎಂದು ನೆಟ್‌ವರ್ಕೇ ಹೇಳುತ್ತದೆ, ಕರೆಂಟೂ ಕಡಿಮೆ. ಸಿಗ್ನಲ್ ಕ್ಷೀಣವಾದ ಹೊಲದಲ್ಲಿ ಅದು ಪೂರ್ತಿ ಶಕ್ತಿ ಹಾಕುತ್ತದೆ, 2 ಆಂಪ್ ಎಂಬ ಅಂಕಿ ಆಗ ನಿಜವಾಗುತ್ತದೆ. `AT+CSQ` ಕೊಟ್ಟು ಎರಡೂ ಜಾಗದ ಸಿಗ್ನಲ್ ಮಟ್ಟ ಬರೆದಿಟ್ಟುಕೊಂಡಿದ್ದರೆ ಈ ಉತ್ತರಕ್ಕೆ ಆಧಾರವೂ ಆಯಿತು.

ಇನ್ನು ಪರಿಹಾರ. ಎಲ್ಲರೂ ಮಾಡ್ಯೂಲ್ ಪಕ್ಕ ದೊಡ್ಡ ಕೆಪ್ಯಾಸಿಟರ್ ಹಾಕುತ್ತಾರೆ. "ಎಷ್ಟರದ್ದು, ಅಷ್ಟೇ ಯಾಕೆ?" ಎಂದರೆ "ಯೂಟ್ಯೂಬಲ್ಲಿ 1000 ಮೈಕ್ರೊಫ್ಯಾರಡ್ ಅಂತ ಇತ್ತು" ಎನ್ನುತ್ತಾರೆ. ಲೆಕ್ಕ ಒಂದು ಸಾಲಿನದು: `C = I × t / ΔV`. 2 ಆಂಪ್, 577 ಮೈಕ್ರೊಸೆಕೆಂಡ್, 0.3 ವೋಲ್ಟ್‌ಗಿಂತ ಹೆಚ್ಚು ಬೀಳಬಾರದು ಎಂದರೆ ಸುಮಾರು 3850 ಮೈಕ್ರೊಫ್ಯಾರಡ್ ಬರುತ್ತದೆ. ಅಷ್ಟು ಹಾಕಲಿಲ್ಲ, 2200 ಹಾಕಿದೆವು ಎಂದರೆ ತಪ್ಪೇ? ಅಲ್ಲ. ಈ ಸೂತ್ರ ಆ ಹೊತ್ತಿನಲ್ಲಿ ವೈರಿನಿಂದ ಏನೇನೂ ಬರುವುದಿಲ್ಲ ಎಂದು ಹಿಡಿದ ಲೆಕ್ಕ. ವೈರೂ ಒಂದಷ್ಟು ಕೊಡುತ್ತಿರುತ್ತದೆ. 0.3 ಓಮ್ ವೈರ್, 2200 ಮೈಕ್ರೊಫ್ಯಾರಡ್ ಸೇರಿದರೆ ಟೈಮ್ ಕಾನ್‌ಸ್ಟಂಟ್ 660 ಮೈಕ್ರೊಸೆಕೆಂಡ್. 577ರ ಕೊನೆಗೆ ಕುಸಿತ 0.6ರ ಬದಲು ಸುಮಾರು 0.35 ವೋಲ್ಟ್‌ಗೆ ನಿಲ್ಲುತ್ತದೆ, ಮಾಡ್ಯೂಲ್‌ಗೆ 3.65 ಸಿಗುತ್ತದೆ. ಮುಂದಿನ ಸರದಿಗೆ ಇನ್ನೂ ನಾಲ್ಕು ಮಿಲಿಸೆಕೆಂಡ್ ಇರುವುದರಿಂದ ಕೆಪ್ಯಾಸಿಟರ್ ಮತ್ತೆ ತುಂಬಿಕೊಳ್ಳುತ್ತದೆ. ಇದು ಕೆಪ್ಯಾಸಿಟರ್‌ನ ಒಳರೆಸಿಸ್ಟೆನ್ಸ್ ಬಿಟ್ಟು ಹಾಕಿದ ಲೆಕ್ಕ, ಆದ್ದರಿಂದ ಲೋ ಇಎಸ್‌ಆರ್ ಎಂದು ಕೇಳಿ ಕೊಳ್ಳಿ.

ಆದರೆ ಜಾಣ ಪರೀಕ್ಷಕರು ಇಲ್ಲೇ ಒಂದು ಗುಂಡಿ ತೋಡಿರುತ್ತಾರೆ. ಕೆಪ್ಯಾಸಿಟರ್ ಹಾಕುವಾಗ ನೀವು ಬ್ರೆಡ್‌ಬೋರ್ಡ್ ಬಿಟ್ಟು ಪರ್ಫ್‌ಬೋರ್ಡ್‌ಗೆ ಬೆಸುಗೆ ಹಾಕಿದ್ದೀರಿ, ವೈರೂ ದಪ್ಪವಾಗಿದೆ, ಗಿಡ್ಡವಾಗಿದೆ. "ಸರಿ ಹೋಗಿದ್ದು ಯಾವುದರಿಂದ?" ವೈರಿನ ರೆಸಿಸ್ಟೆನ್ಸ್ 0.1 ಓಮ್‌ಗೆ ಇಳಿದರೆ ಕೆಪ್ಯಾಸಿಟರ್ ಇಲ್ಲದೆಯೂ ಕುಸಿತ 0.2 ವೋಲ್ಟ್ ಮಾತ್ರ. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲ ಸ್ಕೋಪ್ ಚಿತ್ರ ತೆಗೆಯಿರಿ. ಹಳೆಯ ವೈರ್ ಮಾತ್ರ, ಹಳೆಯ ವೈರ್ ಜತೆ ಕೆಪ್ಯಾಸಿಟರ್, ಹೊಸ ವೈರ್ ಮಾತ್ರ, ಹೊಸ ವೈರ್ ಜತೆ ಕೆಪ್ಯಾಸಿಟರ್. ಒಂದೊಂದರಲ್ಲೂ ಐವತ್ತು ಕಾಲ್ ಮಾಡಿಸಿ ಎಷ್ಟು ಸಲ ಬಿತ್ತೆಂದು ಎಣಿಸಿ. ಒಂದು ಮಧ್ಯಾಹ್ನದ ಕೆಲಸ, ನಾಲ್ಕು ಸಾಲಿನ ಕೋಷ್ಟಕ. ರಿಸಲ್ಟ್ಸ್ ಅಧ್ಯಾಯದಲ್ಲಿ ಹಾಕಲು "ಮೆಸೇಜ್ ಬಂದ ಮೊಬೈಲ್‌ನ ಫೋಟೊ" ಬಿಟ್ಟು ಬೇರೇನೂ ಇಲ್ಲ ಎಂದು ಒದ್ದಾಡುವವರಿಗೆ ಇದಕ್ಕಿಂತ ಒಳ್ಳೆಯ ಸರಕಿಲ್ಲ.

ಬಕ್ ಕನ್ವರ್ಟರ್ ಯಾಕೆ ಎಂಬುದಕ್ಕೂ ಉತ್ತರ ಈಗ ತಾನಾಗಿ ಬರುತ್ತದೆ. 12 ವೋಲ್ಟ್ ಅಡಾಪ್ಟರ್‌ನಿಂದ 4 ವೋಲ್ಟ್ ಮಾಡಲು ಎಲ್‌ಎಂ317 ಹಾಕಬಹುದಿತ್ತಲ್ಲ? ಅದು ಕೊಡುವುದು 1.5 ಆಂಪ್, ನಮ್ಮ ಎಳೆತ 2. ಜತೆಗೆ ಉಳಿದ 8 ವೋಲ್ಟನ್ನು ಅದು ಬಿಸಿಯಾಗಿ ಸುಡಬೇಕು, ಸರಾಸರಿ ಕಾಲು ಆಂಪ್‌ಗೆ 2 ವ್ಯಾಟ್, ಹೀಟ್‌ಸಿಂಕ್ ಇಲ್ಲದೆ ಕೈ ಇಡಲಾಗದಷ್ಟು ಕಾಯುತ್ತದೆ. ಎಲ್‌ಎಂ2596 ಬಕ್ 3 ಆಂಪ್‌ಗೆ ಮಾಡಿದ್ದು. ಉನೊದ 5 ವೋಲ್ಟ್ ಪಿನ್ನಿನಿಂದಲೇ ಕೊಡಬಹುದಿತ್ತಲ್ಲ ಎಂದರೆ 4.4ಕ್ಕಿಂತ ಹೆಚ್ಚಾಯಿತು, ಯುಎಸ್‌ಬಿಯಿಂದ 2 ಆಂಪ್ ಬರುವುದೂ ಇಲ್ಲ. ಎರಡು ಬೇರೆ ದಾರಿಗಳನ್ನು ಅಂಕಿಯ ಸಮೇತ ತಳ್ಳಿಹಾಕಿದರೆ ಅದನ್ನು ಡಿಸೈನ್ ಎನ್ನುತ್ತಾರೆ. "ಅಂಗಡಿಯಲ್ಲಿ ಇದೇ ಸಿಕ್ಕಿತು" ಎಂಬುದೂ ಒಂದು ಕಾರಣವೇ, ಹಾಗಿದ್ದರೆ ಹಾಗೇ ಹೇಳಿ. ಆದರೆ ಸಿಕ್ಕಿದ್ದು ಸಾಲುತ್ತದೆಯೇ ಎಂದು ಲೆಕ್ಕ ಹಾಕಿದ್ದನ್ನೂ ಹೇಳಿ.

ರಿಲೇ ಬಿದ್ದಾಗ ಉನೊ ರೀಸೆಟ್ ಆದರೆ

ನಿಮ್ಮ ಪುಸ್ತಕದಲ್ಲಿ ಬೂಟ್ ಸಂಖ್ಯೆ ಏರಿದ್ದು ಪಂಪ್ ಆನ್-ಆಫ್ ಆದ ಹೊತ್ತಿನಲ್ಲೇ ಎಂದಾದರೆ ಕಥೆ ಬೇರೆ. "ಫ್ಲೈಬ್ಯಾಕ್ ಡಯೋಡ್ ಹಾಕಿದ್ದೇವೆ ಸರ್, ಮಾಡ್ಯೂಲ್‌ನಲ್ಲೇ ಇದೆ" ಎಂದು ಮಕ್ಕಳು ಧೈರ್ಯವಾಗಿ ಹೇಳುತ್ತಾರೆ. ಆ ಡಯೋಡ್ ಕಾಯುವುದು ರಿಲೇಯ 5 ವೋಲ್ಟ್ ಕಾಯಿಲನ್ನು. ನಿಮ್ಮ ರಿಲೇಯ ಕಾಂಟ್ಯಾಕ್ಟ್ ಆನ್-ಆಫ್ ಮಾಡುತ್ತಿರುವುದು ಸ್ಟಾರ್ಟರಿನ ಕಾಂಟ್ಯಾಕ್ಟರ್ ಕಾಯಿಲನ್ನು, ಅದು ಎಸಿ ಕಡೆಯ ದೊಡ್ಡ ಇಂಡಕ್ಟರ್. ಅದನ್ನು ಕಡಿದಾಗ ಕಾಂಟ್ಯಾಕ್ಟ್ ನಡುವೆ ಕಿಡಿ ಹಾರುತ್ತದೆ, ಆ ಗದ್ದಲ ಸೆನ್ಸರ್ ವೈರ್, ಸಪ್ಲೈ ವೈರ್ ಹಿಡಿದು ಉನೊಗೆ ನುಗ್ಗುತ್ತದೆ. ಎಸಿಗೆ ಡಯೋಡ್ ನಡೆಯದು. ಕಾಂಟ್ಯಾಕ್ಟರ್ ಕಾಯಿಲ್‌ಗೆ ಅಡ್ಡಲಾಗಿ ಆರ್‌ಸಿ ಸ್ನಬ್ಬರ್ ಬೇಕು, 100 ಓಮ್ ಮತ್ತು 0.1 ಮೈಕ್ರೊಫ್ಯಾರಡ್ ಸಾಮಾನ್ಯ ಆರಂಭ, ಕೆಪ್ಯಾಸಿಟರ್ ಎಕ್ಸ್2 ದರ್ಜೆಯದಾಗಿದ್ದು ಆ ಕಾಯಿಲ್‌ನ ವೋಲ್ಟೇಜಿಗೆ ಸಾಲುವಂತಿರಬೇಕು. ಪರೀಕ್ಷಿಸುವುದು ಸುಲಭ: ಎಸಿ ಕಡೆಯ ವೈರ್ ಕಳಚಿ, ರಿಲೇಯನ್ನು ಮಾತ್ರ ನೂರು ಸಲ ಆನ್-ಆಫ್ ಮಾಡಿ. ಬೂಟ್ ಸಂಖ್ಯೆ ಏರದಿದ್ದರೆ ತಪ್ಪು ನಿಮ್ಮ 5 ವೋಲ್ಟ್ ಸಪ್ಲೈಯದ್ದಲ್ಲ, ಕಿಡಿಯದ್ದು.

ಈಗ ನಾನು ತಪ್ಪದೆ ಕೇಳುವ ಪ್ರಶ್ನೆ. "ರಿಲೇ ಮೇಲೆ ಏನು ಬರೆದಿದೆ, ಓದಿ." 10 ಆಂಪ್, 250 ವೋಲ್ಟ್ ಎಸಿ ಎಂದಿರುತ್ತದೆ. "5 ಎಚ್‌ಪಿ ತ್ರೀ ಫೇಸ್ ಮೋಟರ್ ಓಡಿಸಲು ಇದು ಸಾಕಾ?" ಕೆಲವರು "ಮೋಟರ್ ಏಳು-ಎಂಟು ಆಂಪ್ ತಾನೆ, ಸಾಕು" ಎಂದುಬಿಡುತ್ತಾರೆ. ಶುರುವಾಗುವಾಗ ಅದರ ಐದಾರು ಪಟ್ಟು ಎಳೆಯುತ್ತದೆ. ಸರಿಯಾದ ಉತ್ತರ, ಮೋಟರ್ ಕರೆಂಟ್ ನಮ್ಮ ರಿಲೇಯಲ್ಲಿ ಹರಿಯುವುದೇ ಇಲ್ಲ, ಕಾಂಟ್ಯಾಕ್ಟರ್ ಕಾಯಿಲ್‌ನದು ಮಾತ್ರ ಹರಿಯುತ್ತದೆ ಎಂಬುದು. ಇಷ್ಟು ಹೇಳಿದವರಿಗೆ ಮುಂದಿನದು ಕಾದಿರುತ್ತದೆ: "ಆ ಕಾಯಿಲ್ ಎಷ್ಟು ವೋಲ್ಟಿನದು?" ನಮ್ಮ ಕಡೆ ಬೋರ್‌ವೆಲ್ ಸ್ಟಾರ್ಟರ್‌ಗಳಲ್ಲಿ ಹಲವಕ್ಕೆ ಕಾಯಿಲನ್ನು ಎರಡು ಫೇಸ್ ನಡುವೆ ಕೊಟ್ಟಿರುತ್ತಾರೆ, ಅಂದರೆ 415 ವೋಲ್ಟ್. ನಿಮ್ಮ ರಿಲೇಯ ಮೇಲೆ ಬರೆದದ್ದು 250. ಕರೆಂಟ್ ಎಷ್ಟೇ ಕಡಿಮೆಯಿರಲಿ, ಆ ಕಾಂಟ್ಯಾಕ್ಟ್ 415ಕ್ಕೆ ಮಾಡಿದ್ದಲ್ಲ. ಇದಕ್ಕೆ ನಡುವೆ 230 ವೋಲ್ಟ್ ಕಾಯಿಲ್‌ನ ಸಣ್ಣ ಕಾಂಟ್ಯಾಕ್ಟರ್ ಒಂದನ್ನು ಹಾಕಿ, ಅದರ ಕಾಂಟ್ಯಾಕ್ಟ್‌ನಿಂದ ಸ್ಟಾರ್ಟರ್ ಒತ್ತಿಸಬಹುದು. ಹೊಲದಲ್ಲಿ ನಂಬಬಹುದಾದ ನ್ಯೂಟ್ರಲ್ ಇಲ್ಲದಿದ್ದರೆ 230 ಎಲ್ಲಿಂದ ಎಂಬ ತಕರಾರು ಬರುತ್ತದೆ, ಆಗ ಎರಡು ಫೇಸ್ ನಡುವೆ ಹಾಕುವ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಬೇಕು. ನೀವು ಇದನ್ನೆಲ್ಲ ಕಟ್ಟಿರಬೇಕೆಂದಿಲ್ಲ. ನಿಮ್ಮ ಪ್ರೊಟೊಟೈಪ್ ಎಲ್ಲಿಗೆ ನಿಲ್ಲುತ್ತದೆ ಎಂದು ನಿಮಗೆ ಗೊತ್ತಿದೆಯೇ ಎಂಬುದು ಪ್ರಶ್ನೆ.

ರೀಸೆಟ್ ಆದರೆ ಪಂಪ್ ಏನಾಗುತ್ತದೆ?

ಇಲ್ಲಿಯವರೆಗಿನದು ರೀಸೆಟ್ ಯಾಕೆ ಎಂಬುದು. ಅನುಭವಿ ಪರೀಕ್ಷಕರಿಗೆ ಇದಕ್ಕಿಂತ ಮುಖ್ಯ, ರೀಸೆಟ್ ಆದ ಮರುಕ್ಷಣ ಏನಾಗುತ್ತದೆ ಎಂಬುದು. ಯಾಕೆಂದರೆ ರೀಸೆಟ್ ಎಂದಾದರೂ ಆಗಿಯೇ ತೀರುತ್ತದೆ, ಹಳ್ಳಿಯಲ್ಲಿ ಕರೆಂಟ್ ಹೋಗಿ ಬರುವುದು ದಿನಕ್ಕೆಷ್ಟು ಸಲ ಎಂದು ನಿಮಗೂ ಗೊತ್ತು.

ನಿಮ್ಮ `setup()` ತೆರೆದು ನೋಡಿ. ಹೆಚ್ಚಿನ ರಿಲೇ ಮಾಡ್ಯೂಲ್‌ಗಳು ಆಕ್ಟಿವ್ ಲೋ, ಪಿನ್ ಲೋ ಆದರೆ ರಿಲೇ ಆನ್. ಮಕ್ಕಳು ಮೊದಲ ಸಾಲಿನಲ್ಲೇ `pinMode(RELAY, OUTPUT)` ಬರೆದಿರುತ್ತಾರೆ, ಆಮೇಲೆ ಜಿಎಸ್‌ಎಂ ಏಳಲಿ ಎಂದು ಹತ್ತು ಸೆಕೆಂಡ್ `delay`, ಅದಾದ ಮೇಲೆ `digitalWrite(RELAY, HIGH)`. ಔಟ್‌ಪುಟ್ ಮಾಡಿದ ಕೂಡಲೇ ಆ ಪಿನ್ ಲೋ ಆಗಿರುತ್ತದೆ. ಅಂದರೆ ಪ್ರತಿ ರೀಸೆಟ್‌ಗೂ ಹತ್ತು ಸೆಕೆಂಡ್ ರಿಲೇ ಆನ್. ಅದು ಸ್ಟಾರ್ಟರಿನ ಹಸಿರು ಬಟನ್‌ಗೆ ಜೋಡಿಸಿದ ರಿಲೇ ಆಗಿದ್ದರೆ ಮೋಟರ್ ತಾನಾಗಿ ಶುರು, ಬಾವಿಯಲ್ಲಿ ನೀರಿಲ್ಲದಿದ್ದರೂ ಶುರು, ಯಾರಾದರೂ ಪೈಪ್ ರಿಪೇರಿ ಮಾಡುತ್ತಾ ಕೂತಿದ್ದರೂ ಶುರು. ಹೀಗೆ ತಿರುಗಿಸಿ ಬರೆಯಿರಿ, ಎರಡೂ ಸಾಲು ಎಲ್ಲಕ್ಕಿಂತ ಮೊದಲಿರಲಿ:

```
digitalWrite(RELAY, HIGH);
pinMode(RELAY, OUTPUT);
```

"ಎರಡು ಸಾಲು ಹಿಂದೆ ಮುಂದೆ ಆದರೆ ಅಷ್ಟೊಂದು ವ್ಯತ್ಯಾಸವೇ?" ಎಂದು ಕೆಣಕಿದರೆ ನಿಜ ಹೇಳಿ: ಪಕ್ಕಪಕ್ಕದಲ್ಲಿದ್ದರೆ ಕೆಲವೇ ಮೈಕ್ರೊಸೆಕೆಂಡ್, ರಿಲೇ ಎಳೆಯಲು ಸುಮಾರು ಹತ್ತು ಮಿಲಿಸೆಕೆಂಡ್ ಬೇಕು, ಅದಕ್ಕೆ ಗೊತ್ತೇ ಆಗುವುದಿಲ್ಲ. ಅಪಾಯ ಇರುವುದು ನಡುವೆ ಸೇರಿಕೊಂಡ `delay`ಯಲ್ಲಿ.

ಆಫ್ ಮಾಡುವ ರಿಲೇಯದು ಇನ್ನೂ ಸೊಗಸಾದ ಪ್ರಶ್ನೆ, ಇದಕ್ಕೆ ಒಂದೇ ಸರಿಯುತ್ತರವಿಲ್ಲ. ಕೆಂಪು ಬಟನ್ ಜತೆ ಸಾಲಾಗಿ ರಿಲೇಯ ಎನ್‌ಸಿ ಕಾಂಟ್ಯಾಕ್ಟ್ ಹಾಕಿದರೆ, ಉನೊ ಸತ್ತರೂ ಮೋಟರ್ ಓಡುತ್ತಲೇ ಇರುತ್ತದೆ, ಯಾಕೆಂದರೆ ಸ್ಟಾರ್ಟರ್ ತನ್ನ ಹೋಲ್ಡಿಂಗ್ ಕಾಂಟ್ಯಾಕ್ಟ್‌ನಲ್ಲಿ ತಾನೇ ನಿಂತಿದೆ. ಎನ್‌ಒ ಹಾಕಿ, ಮೋಟರ್ ಓಡುವಷ್ಟು ಹೊತ್ತೂ ಉನೊ ಆ ರಿಲೇಯನ್ನು ಹಿಡಿದಿರುವಂತೆ ಮಾಡಿದರೆ, ಉನೊ ರೀಸೆಟ್ ಆದ ಕೂಡಲೇ ಮೋಟರ್ ನಿಲ್ಲುತ್ತದೆ. ಎರಡನೆಯದು ಸುರಕ್ಷಿತ. ಆದರೆ ನಡುರಾತ್ರಿ ಕೊಡುವ ತ್ರೀ ಫೇಸ್‌ನಲ್ಲಿ ಗದ್ದೆಗೆ ನೀರು ಬಿಟ್ಟು ಮಲಗಿದ ರೈತನಿಗೆ, ನಿಮ್ಮ ಬೋರ್ಡ್ ರೀಸೆಟ್ ಆದದ್ದಕ್ಕೆ ಪಂಪ್ ನಿಂತರೆ ಇಡೀ ಸರದಿಯ ನೀರು ಹೋಯಿತು. ಉನೊ ಕೆಟ್ಟರೆ ರೈತ ಕೈಯಿಂದಲೇ ಓಡಿಸಲೂ ಆಗುವುದಿಲ್ಲ, ಬೈಪಾಸ್ ಸ್ವಿಚ್ ಬೇಕು. ನನ್ನ ಒಲವು ಎನ್‌ಒ ಮತ್ತು ಬೈಪಾಸ್ ಕಡೆಗೆ. ನೀವು ಯಾವುದನ್ನೇ ಆರಿಸಿ, ಇನ್ನೊಂದರ ಲಾಭವನ್ನೂ ಒಪ್ಪಿಕೊಂಡು ಮಾತಾಡಿದರೆ ಪರೀಕ್ಷಕರು ಪೆನ್ ಕೆಳಗಿಟ್ಟು ಹರಟೆಗೆ ಕೂರುತ್ತಾರೆ.

ಉಳಿದ ಎರಡು

ಸೆನ್ಸರ್ ಬಗ್ಗೆ ಒಂದು ಪ್ರಶ್ನೆ ಖಂಡಿತ ಬರುತ್ತದೆ. ನಿಮ್ಮ ಎಸ್‌ಎಂಎಸ್ "ತೇವಾಂಶ 40%" ಎನ್ನುತ್ತದೆ. "ಯಾವುದರಲ್ಲಿ ಶೇಕಡ 40?" ನೀವು ಸೆನ್ಸರನ್ನು ಗಾಳಿಯಲ್ಲಿ ಹಿಡಿದು ಬಂದ ಅಂಕಿಯನ್ನು ಸೊನ್ನೆ, ಲೋಟದ ನೀರಲ್ಲಿ ಅದ್ದಿ ಬಂದ ಅಂಕಿಯನ್ನು ನೂರು ಎಂದು `map()` ಮಾಡಿದ್ದೀರಿ. ಅದು ಮಣ್ಣಿನ ತೇವದ ಶೇಕಡಾವಾರು ಅಲ್ಲ, ಗಾಳಿಗೂ ನೀರಿಗೂ ನಡುವಿನ ಒಂದು ಅಳತೆಗೋಲು. ನಿಜವಾದದ್ದು ಬೇಕಿದ್ದರೆ ಮಣ್ಣಿನ ಮಾದರಿ ತೂಗಿ, 105 ಡಿಗ್ರಿ ಓವನ್‌ನಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಬೇಕು. 130 ಗ್ರಾಂ ಇದ್ದದ್ದು 104 ಆದರೆ ಹೋದ ನೀರು 26 ಗ್ರಾಂ, ಒಣಮಣ್ಣಿನ ಲೆಕ್ಕದಲ್ಲಿ ಶೇಕಡ 25. ಸಿವಿಲ್ ವಿಭಾಗದ ಸಾಯಿಲ್ ಲ್ಯಾಬಿನಲ್ಲಿ ಆ ಓವನ್ ಇದ್ದೇ ಇರುತ್ತದೆ, ಹೋಗಿ ಕೇಳಿ. ಬೇರೆ ಬೇರೆ ತೇವದ ಐದಾರು ಮಾದರಿ ಮಾಡಿದರೆ ಸೆನ್ಸರ್ ಅಂಕಿಗೂ ನಿಜದ ತೇವಕ್ಕೂ ಗೆರೆ ಎಳೆಯಬಹುದು. ಆ ಗೆರೆ ಎರೆ ಭೂಮಿಗೆ ಬೇರೆ, ಕೆಂಪು ಮಣ್ಣಿಗೆ ಬೇರೆ. ಎರೆ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಕೆಂಪು ಮಣ್ಣಿನಲ್ಲಿ ಬೆಳೆಗೆ ಸಾಕಾಗುವ ಶೇಕಡ ತೇವದಲ್ಲಿ ಎರೆಯಲ್ಲಿ ಗಿಡ ಬಾಡಬಹುದು. ಸಮಯ ಇಲ್ಲದಿದ್ದರೆ ಮೆಸೇಜಿನಿಂದ ಶೇಕಡ ಚಿಹ್ನೆ ತೆಗೆದು "ಒಣ, ಮಧ್ಯಮ, ಹಸಿ" ಎಂದು ಮಾಡಿ. ಅದಾದರೂ ಸುಳ್ಳಲ್ಲ.

ಇನ್ನೊಂದು, ಡೇಟಾಶೀಟ್ ಓದಿದವರನ್ನು ಓದದವರಿಂದ ಬೇರ್ಪಡಿಸುವ ಪ್ರಶ್ನೆ. ಸಿಮ್800ಎಲ್‌ನ ಸೀರಿಯಲ್ ಪಿನ್‌ಗಳು 2.8 ವೋಲ್ಟಿನವು. ಉನೊದ 5 ವೋಲ್ಟನ್ನು ಅದಕ್ಕೆ ನೇರ ಕೊಡಬಾರದು, ಎರಡು ರೆಸಿಸ್ಟರ್ ಹಾಕಿ ಇಳಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ತಿರುಗಿ ಬರುವ ದಾರಿ? ಉನೊದ ಎಟಿಮೆಗಾ328ಪಿ 5 ವೋಲ್ಟ್‌ನಲ್ಲಿ ಓಡುವಾಗ 3.0 ವೋಲ್ಟ್‌ಗಿಂತ ಮೇಲಿದ್ದರೆ ಮಾತ್ರ ಹೈ ಎಂದು ಓದುವ ಖಾತ್ರಿ ಕೊಡುತ್ತದೆ. ಬರುತ್ತಿರುವುದು 2.8. ನಿಮ್ಮ ಬೋರ್ಡ್‌ನಲ್ಲಿ ಕೆಲಸ ಮಾಡುತ್ತಿದೆ, ಯಾಕೆಂದರೆ ನಿಜವಾದ ಹೊಸ್ತಿಲು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಆದರೆ ಖಾತ್ರಿಯಿಲ್ಲ, ಲೆವೆಲ್ ಶಿಫ್ಟರ್ ಹಾಕುವುದು ಸರಿ. "ಕೆಲಸ ಮಾಡುತ್ತೆ, ಆದರೆ ಡೇಟಾಶೀಟ್ ಒಪ್ಪುವುದಿಲ್ಲ" ಎಂಬ ಒಂದು ವಾಕ್ಯ ಕೇಳಿದರೆ ನನಗೆ ಆ ತಂಡದ ಮೇಲೆ ನಂಬಿಕೆ ಬಂದುಬಿಡುತ್ತದೆ.

ಜತೆಗೆ ಇದು 2ಜಿ ಮಾಡ್ಯೂಲ್, ಜಿಯೋ ಸಿಮ್ ಹಾಕಿದರೆ ನಡೆಯುವುದೇ ಇಲ್ಲ. ಯಾಕೆ 4ಜಿ ಮಾಡ್ಯೂಲ್ ಅಲ್ಲ ಎಂದರೆ ಬೆಲೆ ಎನ್ನಿ, ಮುಂದೆ 2ಜಿ ನಿಂತರೆ ಈ ಮಾಡ್ಯೂಲ್ ಬದಲಾಯಿಸಲೇಬೇಕು ಎಂಬುದನ್ನೂ ನೀವೇ ಸೇರಿಸಿ.

ಆ ದಿನಕ್ಕೆ

ನಾಲ್ಕು ಜನರಿದ್ದೀರಿ. "ಅದು ಅವನು ಮಾಡಿದ್ದು ಸರ್" ಎಂಬ ಮಾತು ಬಾಯಿಂದ ಬರಬಾರದು. ಕೋಡ್ ಬರೆದವನಿಗೆ ಸಪ್ಲೈ ಲೆಕ್ಕ, ಬೆಸುಗೆ ಹಾಕಿದವಳಿಗೆ `setup()` ಕ್ರಮ ಗೊತ್ತಿರಲಿ. ಒಬ್ಬರ ಭಾಗವನ್ನು ಇನ್ನೊಬ್ಬರು ಬಿಳಿ ಹಾಳೆಯ ಮೇಲೆ ನೆನಪಿನಿಂದ ಬರೆದು ವಿವರಿಸುವುದು ಒಳ್ಳೆಯ ಅಭ್ಯಾಸ. ಪಿನ್ ನಂಬರ್ ಮರೆತರೆ ಚಿಂತೆಯಿಲ್ಲ, ಸಪ್ಲೈ ಎಲ್ಲಿಂದ ಎಲ್ಲಿಗೆ ಎಷ್ಟು ವೋಲ್ಟ್‌ನಲ್ಲಿ ಹೋಗುತ್ತದೆ ಎಂಬುದು ಮರೆಯಬಾರದು. ಗೊತ್ತಿಲ್ಲದ್ದಕ್ಕೆ "ಅಳೆದಿಲ್ಲ ಸರ್, ಅಳೆಯಬೇಕಿದ್ದರೆ ಹೀಗೆ ಅಳೆಯುತ್ತೇವೆ" ಎಂದು ಹೇಳಿ. ಊಹಿಸಿ ಅಂಕಿ ಹೇಳಿದರೆ ಮುಂದಿನ ಹತ್ತು ನಿಮಿಷ ಆ ಅಂಕಿಯ ಮೇಲೆಯೇ ಹೋಗುತ್ತದೆ.

ಡೆಮೊಗೆ 415 ವೋಲ್ಟ್ ತರಬೇಡಿ. ಸ್ಟಾರ್ಟರ್ ಬದಲು 230 ವೋಲ್ಟ್ ಬಲ್ಬ್ ಒಂದನ್ನು ಮುಚ್ಚಿದ ಡಬ್ಬಿಯಲ್ಲಿ ಜೋಡಿಸಿ, ಬಲ್ಬ್‌ನಲ್ಲಿ ಕಿಡಿಯ ಗದ್ದಲ ಕಾಂಟ್ಯಾಕ್ಟರ್‌ನಷ್ಟು ಇರುವುದಿಲ್ಲ ಎಂದು ನೀವೇ ಹೇಳಿಬಿಡಿ. ಹಿಂದಿನ ದಿನ ಅದೇ ಕೊಠಡಿಯಲ್ಲಿ, ಅದೇ ಮೇಜಿನ ಮೇಲೆ `AT+CSQ` ನೋಡಿ. ಕಾಂಕ್ರೀಟ್ ಕಟ್ಟಡದ ಒಳಕೋಣೆಯಲ್ಲಿ 10ಕ್ಕಿಂತ ಕೆಳಗಿದ್ದರೆ ಕಿಟಕಿ ಪಕ್ಕದ ಮೇಜು ಕೇಳಿ, ಆಂಟೆನಾವನ್ನು ಸಪ್ಲೈ ವೈರಿನಿಂದ ದೂರ ಇಡಿ. ಎಸ್‌ಎಂಎಸ್ ತಡವಾಗುವುದು ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಪರೀಕ್ಷಕರು ಬಂದ ಕೂಡಲೇ ಮೊದಲ ಮೆಸೇಜ್ ಕಳಿಸಿಬಿಟ್ಟು ಸ್ಕೋಪ್ ಚಿತ್ರಗಳಿಂದ ಮಾತು ಶುರು ಮಾಡಿ. ಬಲ್ಬ್ ಹೊತ್ತುವ ಹೊತ್ತಿಗೆ ನೀವು ಕೆಪ್ಯಾಸಿಟರ್ ಲೆಕ್ಕಕ್ಕೆ ಬಂದಿರುತ್ತೀರಿ. ಅಷ್ಟರಲ್ಲಿ ಮಾಡ್ಯೂಲ್ ಬಿದ್ದೇಬಿಟ್ಟರೆ ಎಲ್‌ಇಡಿಯ ಮಿನುಗು ತೋರಿಸಿ, ಈಗ ಏನಾಯಿತು ಎಂದು ಅದನ್ನೇ ವಿವರಿಸಿ.